ಕಿಟಕಿ ಕೆಳಗಿನ ಪ್ಲಾಸ್ಟರ್ ಎರಡು ಸಲ ಕೆಟ್ಟದ್ದೇಕೆ: ಒಂದು ಸಣ್ಣ ದುರಸ್ತಿಯ ಪ್ರಕರಣ ಅಧ್ಯಯನ

ಮನೆ ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹಳೆಯ ಹೌಸಿಂಗ್ ಸೊಸೈಟಿಯಲ್ಲಿ, ಮೂರನೆಯ ಮಹಡಿಯಲ್ಲಿ. ಕಾಂಕ್ರೀಟ್ ಕಂಬ-ತೊಲೆಗಳ ನಡುವೆ ಇಟ್ಟಿಗೆ ಗೋಡೆ ಕಟ್ಟಿ, ಒಳಗೆ ಹೊರಗೆ ಸಿಮೆಂಟ್ ಪ್ಲಾಸ್ಟರ್ ಮಾಡಿದ ಕಟ್ಟಡ. ಮನೆಯವರು ಉಡುಪಿ ಕಡೆಯವರು, ಯಜಮಾನರು ಕೆಲಸದಿಂದ ನಿವೃತ್ತರಾದವರು. ಹಾಲಿನ ಕಿಟಕಿಯ ಕೆಳಗೆ, ಒಳಗೋಡೆಯಲ್ಲಿ, ಸುಮಾರು 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದಷ್ಟು ಪ್ಲಾಸ್ಟರ್ ಉಬ್ಬಿ ಬಿದ್ದಿತ್ತು. ಕಾರಣ ಕಣ್ಣಿಗೆ ಕಾಣುವಂತೆಯೇ ಇತ್ತು. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೂ ಕೆಳಗಿನ ಕಲ್ಲಿಗೂ ನಡುವೆ ಬಿಟ್ಟ ಸಂದಿಯಿಂದ ಮಳೆನೀರು ಪ್ರತಿ ವರ್ಷ ಒಳಗೆ ಇಳಿಯುತ್ತಿತ್ತು.

ಇಷ್ಟು ಸಣ್ಣ ತೇಪೆಗೆ ಎರಡು ಕಿಲೋ ಸಿಮೆಂಟೂ ಬೇಡ. ಆದರೂ ಅದನ್ನು ಮೂರು ಸಲ ಮಾಡಬೇಕಾಯಿತು. ಮೊದಲ ಎರಡು ಸಲ ಏಕೆ ಕೆಟ್ಟಿತು, ಮೂರನೆಯ ಸಲ ಯಾವ ತೀರ್ಮಾನಗಳು ಬದಲಾದವು ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದೆ. ಮನೆಯವರ, ಕೆಲಸದವರ, ಸೊಸೈಟಿಯ ಗುರುತುಗಳನ್ನು ಬಿಟ್ಟಿದೆ.

ಮೊದಲ ಪ್ರಯತ್ನ: ಗಟ್ಟಿಯಾಗಲೆಂದು ಹೆಚ್ಚು ಸಿಮೆಂಟ್

ಮಳೆಗಾಲಕ್ಕೆ ಮುಂಚೆ ಮುಗಿಯಲೆಂದು ಮೇ ತಿಂಗಳಲ್ಲಿ ಯಜಮಾನರು ತಾವೇ ಕೈ ಹಾಕಿದರು. ಚೌಕಟ್ಟಿನ ಸಂದಿಗೆ ಸಿಲಿಕೋನ್ ತುಂಬಿಸಿದರು, ಅದು ಸರಿಯಾದ ಆರಂಭ. ನೀರು ಬರುವ ದಾರಿ ಮುಚ್ಚದೆ ಪ್ಲಾಸ್ಟರ್ ಮಾಡಿದರೆ ಯಾವ ಅನುಪಾತವೂ ನಿಲ್ಲುವುದಿಲ್ಲ. ಆಮೇಲಿನದ್ದೇ ತೊಂದರೆ. ಒಮ್ಮೆ ಬಿದ್ದ ಜಾಗ ಮತ್ತೆ ಬೀಳಬಾರದೆಂದು ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು ಹಾಕಿದರು. ನೀರನ್ನು ಅಳೆಯಲಿಲ್ಲ. ಗಾರೆ ಕರಣೆಯಿಂದ ಸುಲಭವಾಗಿ ಜಾರಬೇಕೆಂದು ದೋಸೆ ಹಿಟ್ಟಿನ ಹದಕ್ಕೆ ತಂದರು. ಬಿದ್ದ ಜಾಗದ ಸಡಿಲ ಚೂರುಗಳನ್ನು ಕೈಯಿಂದ ಕಿತ್ತು, ಒಣ ಬಟ್ಟೆಯಲ್ಲಿ ಒರೆಸಿ, ಸುಮಾರು 20 ಮಿಲಿಮೀಟರ್ ದಪ್ಪವನ್ನು ಒಂದೇ ಪದರದಲ್ಲಿ ಬಳಿದರು. ಮೇಲೆ ನೀರು ತೇಲಿದಾಗ ಒಣ ಸಿಮೆಂಟ್ ಪುಡಿ ಉದುರಿಸಿ ನುಣುಪಾಗಿ ತಿಕ್ಕಿದರು. ಬೇಗ ಒಣಗಲೆಂದು ಫ್ಯಾನ್ ಹಾಕಿ ಬಿಟ್ಟರು.

ಎರಡನೆಯ ದಿನಕ್ಕೆ ಮೇಲ್ಮೈ ತುಂಬ ಜಾಲದಂಥ ಸಣ್ಣ ಬಿರುಕು ಮೂಡಿತು. ಕೆಲವು ವಾರಗಳಲ್ಲಿ ಅಂಚು ಸುತ್ತಲೂ ಗೆರೆ ಬಿಟ್ಟಿತು. ಬೆರಳ ಗೆಣ್ಣಿನಿಂದ ತಟ್ಟಿದರೆ ಪೊಳ್ಳು ಸದ್ದು. ಜೂನ್ ಕೊನೆಯಲ್ಲಿ ಇಡೀ ತೇಪೆ ಒಂದೇ ಹಲಗೆಯಾಗಿ ಕಳಚಿ ಬಿತ್ತು. ಮಳೆನೀರು ಆ ಸಲ ಒಳಗೆ ಬಂದಿರಲಿಲ್ಲ, ಸಿಲಿಕೋನ್ ಹಿಡಿದಿತ್ತು. ಅಂದರೆ ಬಿದ್ದದ್ದಕ್ಕೆ ನೀರಿಳಿತ ಕಾರಣವಲ್ಲ.

ಎರಡನೆಯ ಪ್ರಯತ್ನ: ಜುಲೈ ತಿಂಗಳ ಅವಸರ

ಮಳೆಯ ನಡುವೆಯೇ ಹತ್ತಿರದ ಒಂದು ಮನೆಯ ಕೆಲಸಕ್ಕೆ ಬಂದಿದ್ದವನನ್ನು ಕರೆಸಿದರು. ಮೊದಲ ಸಲ ಸಿಮೆಂಟ್ ಹೆಚ್ಚಾಯಿತೆಂದು ಯಾರೋ ಹೇಳಿದ್ದರಿಂದ ಈ ಸಲ ಒಂದಕ್ಕೆ ಆರು. ಮುಂಬಯಿಯ ಕೆಲಸದವರು ಘಮೇಲಾ ಎನ್ನುವ ಬಾಂಡ್ಲಿಯಲ್ಲೇ ಅಳತೆ. ಸಿಮೆಂಟನ್ನು ಅಂಚಿಗೆ ಸಮನಾಗಿ ತುಂಬಿದ್ದ, ಮರಳನ್ನು ಗೋಪುರದಂತೆ ಏರಿಸಿ ತುಂಬಿದ್ದ. ಮರಳು ಹೊರಗೆ ಮಳೆಯಲ್ಲಿ ನೆನೆದದ್ದು, ಕಲ್ಲು ಪುಡಿಮಾಡಿದ ಕ್ರಶ್ ಸ್ಯಾಂಡ್, ಪಕ್ಕದಲ್ಲಿ ಕಾಂಕ್ರೀಟ್ ಕೆಲಸಕ್ಕೆ ತಂದು ಉಳಿದಿದ್ದು. ಒಮ್ಮೆಲೇ ಬೇಕಾದ್ದಕ್ಕಿಂತ ಹೆಚ್ಚು ಕಲಸಿ, ನಡುವೆ ಇನ್ನೊಂದು ಕೆಲಸಕ್ಕೆ ಹೋಗಿ, ಒಂದು ಗಂಟೆಗೂ ಮೇಲೆ ಬಂದು ಗಾರೆ ಬಿಗಿದಿದ್ದಕ್ಕೆ ಮತ್ತೆ ನೀರು ಹಾಕಿ ಮಿದುಗೊಳಿಸಿ ಹಚ್ಚಿದ.

ಈ ಪ್ಲಾಸ್ಟರ್ ಬೀಳಲಿಲ್ಲ, ಉದುರತೊಡಗಿತು. ತಿಂಗಳಾದ ಮೇಲೂ ಅಂಗೈಯಿಂದ ಸವರಿದರೆ ಬೂದು ಪುಡಿ ಹತ್ತುತ್ತಿತ್ತು. ಮೊಳೆಯ ಮೊನೆಯಿಂದ ಗೀರಿದರೆ ಎರಡು-ಮೂರು ಮಿಲಿಮೀಟರ್ ಆಳದ ಗೆರೆ ಬೀಳುತ್ತಿತ್ತು. ಚೆನ್ನಾಗಿ ಬಲಿತ ಪ್ಲಾಸ್ಟರಿನ ಮೇಲೆ ಮೊಳೆ ಬಿಳಿಯ ಗೀರು ಮಾತ್ರ ಎಳೆಯುತ್ತದೆ.

ತಿರುವು: ಬಿದ್ದ ಹಲಗೆಯ ಹಿಂಬದಿ

ನವೆಂಬರಿನಲ್ಲಿ ಕಲಬುರಗಿ ಕಡೆಯ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆದರು. ಪುಣೆ-ಮುಂಬಯಿ ಎರಡೂ ಕಡೆ ದಶಕಗಳಿಂದ ಗಾರೆ ಕೆಲಸ ಮಾಡಿದವರು. ಮೊದಲ ತೇಪೆಯ ಒಂದು ದೊಡ್ಡ ತುಂಡನ್ನು ಯಜಮಾನರು ಬಾಲ್ಕನಿಯಲ್ಲಿ ಇಟ್ಟಿದ್ದರು. ಮಿಸ್ತ್ರಿ ಮೊದಲು ಅದನ್ನೇ ಎತ್ತಿ ತಿರುಗಿಸಿ ನೋಡಿದರು.

"ಸಿಮೆಂಟ್ ಕಮ್ಮಿ ಆಗಿ ಬಿದ್ದಿಲ್ರೀ ಸಾಹೇಬ್ರ, ಜಾಸ್ತಿ ಆಗಿ ಬಿದ್ದದ. ನೋಡ್ರಿ, ನಡುವ ನುಣ್ಣಗ ಅದ. ಅಂಚಿಗೆ ಹಳೀ ಗಾರಿನೂ ಕಿತ್ಗೊಂಡು ಬಂದದ."

ಈ ಓದನ್ನು ಕಲಿತರೆ ಯಾವ ಬಿದ್ದ ಪ್ಲಾಸ್ಟರಿನ ಮೇಲೂ ಬಳಸಬಹುದು. ಹಿಂಬದಿ ನುಣ್ಣಗಿದ್ದು ಇಟ್ಟಿಗೆಯ ಕೆಂಪು ದೂಳು ಅಂಟಿದ್ದರೆ, ಹೊಸ ಗಾರೆ ಇಟ್ಟಿಗೆಯನ್ನು ಹಿಡಿದೇ ಇರಲಿಲ್ಲ ಎಂದರ್ಥ. ಇಲ್ಲಿ ಅದಾದದ್ದು ಒಣ ಇಟ್ಟಿಗೆಯಿಂದ. ಮೇ ತಿಂಗಳಲ್ಲಿ ಕಾದ ಇಟ್ಟಿಗೆ ತನಗೆ ತಾಗಿದ ಮೊದಲ ಒಂದು-ಎರಡು ಮಿಲಿಮೀಟರಿನ ನೀರನ್ನು ಹೀರಿಬಿಡುತ್ತದೆ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ. ನೀರು ಹೋದ ಪದರ ಪುಡಿಯಾಗಿಯೇ ಉಳಿಯುತ್ತದೆ, ಹಿಡಿಯಬೇಕಾದದ್ದು ಆ ಪದರವೇ. ಹಿಂಬದಿಗೆ ಹಳೆಯ ಪ್ಲಾಸ್ಟರಿನ ಹರಳುಗಳು ಅಂಟಿ ಬಂದಿದ್ದರೆ ಕಥೆ ಬೇರೆ: ಹೊಸದು ಹಿಡಿದಿತ್ತು, ಆದರೆ ತನಗಿಂತ ದುರ್ಬಲವಾದ ಹಳೆಯದನ್ನು ಕಿತ್ತುಕೊಂಡು ಬಂದಿದೆ.

ಕೀಳುವ ಶಕ್ತಿ ಎಲ್ಲಿಂದ ಬಂತು? ಒಣಗುವಾಗ ಕುಗ್ಗುವುದು ಸಿಮೆಂಟ್ ಮತ್ತು ನೀರಿನ ಪಾಕ, ಮರಳಲ್ಲ. ಮರಳಿನ ಹರಳುಗಳು ಒಂದಕ್ಕೊಂದು ಆತು ನಿಂತು ಆ ಕುಗ್ಗುವಿಕೆಯನ್ನು ತಡೆಯುತ್ತವೆ. ಒಂದಕ್ಕೆ ಎರಡರ ಗಾರೆಯಲ್ಲಿ ಪಾಕ ಹೆಚ್ಚು, ತಡೆಯುವ ಮರಳು ಕಡಿಮೆ, ಅದರ ಮೇಲೆ ಬೇಡದ ನೀರು. ಆ ಮನೆಯ ಹಳೆಯ ಒಳಪ್ಲಾಸ್ಟರ್ ಗೀರಿದಾಗ, ಒಡೆದಾಗ ತೋರಿದ ಪ್ರಕಾರ ಒಂದಕ್ಕೆ ಆರರ ಆಸುಪಾಸಿನದು. ಅಂಥ ಮೆದು ಗೋಡೆಯ ನಡುವೆ ಬಹಳ ಗಟ್ಟಿಯಾದ ತುಂಡನ್ನು ಕೂರಿಸಿದರೆ, ಅದು ಕುಗ್ಗುತ್ತ ಅಂಚನ್ನು ಒಳಕ್ಕೆ ಎಳೆಯುತ್ತದೆ. ಎಲ್ಲಿ ದುರ್ಬಲವೋ ಅಲ್ಲಿ ಬಿಡುತ್ತದೆ. ಒಣ ಸಿಮೆಂಟ್ ಉದುರಿಸಿ ಮಾಡಿದ ನುಣುಪು ಈ ದೋಷವನ್ನು ಇನ್ನೂ ಹೆಚ್ಚಿಸಿತು. ಮೇಲೆ ಬರೀ ಸಿಮೆಂಟಿನ ಚರ್ಮ ಕಟ್ಟಿ, ಅದೇ ಮೊದಲು ಜಾಲದಂತೆ ಒಡೆಯಿತು.

ಎರಡನೆಯ ತೇಪೆಗೆ ಮಿಸ್ತ್ರಿ ಬೇರೆ ಪರೀಕ್ಷೆ ಮಾಡಿದರು. ಆಗ ಉಳಿದ ಮರಳು ಒಂದು ಗೋಣಿಯಲ್ಲಿತ್ತು. ಒಂದು ಗಾಜಿನ ಬಾಟಲಿಯ ಕಾಲು ಭಾಗದಷ್ಟು ಮರಳು ಹಾಕಿ, ಮುಕ್ಕಾಲರವರೆಗೆ ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಟ್ಟರು. ಉಪ್ಪು ಹಾಕುವುದು ಮಣ್ಣು ಬೇಗ ತಳ ಸೇರಲೆಂದು, ಈ ಮರಳನ್ನು ಆಮೇಲೆ ಎಸೆಯಬೇಕು. ಕೆಲವು ಗಂಟೆಗಳ ನಂತರ ಕೆಳಗೆ ಹರಳು ಮರಳು, ಅದರ ಮೇಲೆ ನುಣ್ಣನೆಯ ಬೂದು ಕೆಸರಿನ ಪದರ. ಮರಳು 40 ಮಿಲಿಮೀಟರ್ ಇದ್ದರೆ ಕೆಸರು 7 ಮಿಲಿಮೀಟರ್ ಹತ್ತಿರವಿತ್ತು. ನದಿ ಮರಳಿಗೆ ಕೆಲಸದ ಜಾಗದಲ್ಲಿ ಸಾಮಾನ್ಯವಾಗಿ ಒಪ್ಪುವ ಮಿತಿ ನೂರಕ್ಕೆ ಎಂಟು. ಕ್ರಶ್ ಸ್ಯಾಂಡಿನ ಕಲ್ಲುಪುಡಿ ಮಣ್ಣಿನಷ್ಟು ಕೆಟ್ಟದ್ದಲ್ಲ. ಕಾಂಕ್ರೀಟಿಗೆ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ. ಪ್ಲಾಸ್ಟರಿಗೆ ಅಷ್ಟು ಪುಡಿ ಇದ್ದರೆ ಅದು ನೀರು ಕುಡಿಯುತ್ತದೆ. ಹದ ಬರಲೆಂದು ಕೆಲಸದವನು ನೀರು ಸುರಿಯುತ್ತ ಹೋಗುತ್ತಾನೆ.

ಇನ್ನು ಆ ಒಂದಕ್ಕೆ ಆರು ನಿಜಕ್ಕೂ ಎಷ್ಟಾಗಿತ್ತು? ಏರಿಸಿ ತುಂಬಿದ ಬಾಂಡ್ಲಿ ಮರಳನ್ನು ಹೆಚ್ಚು ಮಾಡುತ್ತದೆ. ಒದ್ದೆ ಮರಳು ಉಬ್ಬಿರುತ್ತದಾದ್ದರಿಂದ ಅದೇ ಬಾಂಡ್ಲಿಯಲ್ಲಿ ಮರಳು ಕಡಿಮೆ ಬರುತ್ತದೆ. ಎರಡೂ ಒಂದನ್ನೊಂದು ಎಷ್ಟು ಸರಿದೂಗಿದವೆಂದು ಯಾರೂ ಹೇಳಲಾರರು. ಆದ್ದರಿಂದ ಪುಡಿ ಉದುರಿದ್ದಕ್ಕೆ ಅನುಪಾತವನ್ನು ಮಾತ್ರ ದೂರುವುದು ತಪ್ಪು. ಪುಡಿ ತುಂಬಿದ ಮರಳು, ಅದಕ್ಕೆ ಹೆಚ್ಚಾದ ನೀರು, ಬಿಗಿಯತೊಡಗಿದ ಮೇಲೆ ಮತ್ತೆ ನೀರು ಹಾಕಿ ಮುರಿದದ್ದು, ಇವು ಮೂರೂ ಸೇರಿ ಆ ಪ್ಲಾಸ್ಟರನ್ನು ಕೆಡಿಸಿದವು. ಕೊನೆಯದಂತೂ ಕ್ಷಮೆಯಿಲ್ಲದ ಕೆಲಸ. ಸಿಮೆಂಟ್ ಹರಳುಗಟ್ಟಲು ಶುರು ಮಾಡಿದ ಹಿಡಿತವನ್ನು ಕಲಕಿ ಒಡೆದರೆ ಅದು ಮತ್ತೆ ಅಷ್ಟೇ ಬಲದಿಂದ ಕೂಡುವುದಿಲ್ಲ. ಮೆತ್ತಗಾದದ್ದು ಕಂಡು ಸರಿಹೋಯಿತು ಅನ್ನಿಸುತ್ತದೆ, ಅಷ್ಟೆ.

ಮೂರನೆಯ ಸಲದ ತೀರ್ಮಾನ: ಎರಡು ಪದರ, ಎರಡು ಅನುಪಾತ

ಮಿಸ್ತ್ರಿಯ ತೀರ್ಮಾನ ಹೀಗಿತ್ತು. ಇಟ್ಟಿಗೆಯ ಮೇಲೆ ಕೂರುವ ಕೆಳಪದರ ಒಂದಕ್ಕೆ ನಾಲ್ಕು, 10 ಮಿಲಿಮೀಟರ್ ದಪ್ಪ. ಅದರ ಮೇಲಿನದು ಒಂದಕ್ಕೆ ಐದು, 8 ಮಿಲಿಮೀಟರ್ ದಪ್ಪ. ಮೇಲಿನ ಪದರ ಕೆಳಗಿನದಕ್ಕಿಂತ ಗಟ್ಟಿಯಾಗಬಾರದು ಎಂಬುದು ಗಾರೆ ಕೆಲಸದ ಹಳೆಯ ನಿಯಮ. ಜೊತೆಗೆ ಸುತ್ತಲಿನ ಹಳೆಯ ಪ್ಲಾಸ್ಟರಿಗೆ ತಾಗುವ ಮೇಲ್ಪದರ ಅದರ ಬಲಕ್ಕೆ ಹತ್ತಿರವಿದ್ದಷ್ಟೂ ಅಂಚಿನ ಎಳೆತ ಕಡಿಮೆ. ಹೊರಗೋಡೆಯಾಗಿದ್ದರೆ ಮೇಲ್ಪದರಕ್ಕೂ ಒಂದಕ್ಕೆ ನಾಲ್ಕನ್ನೇ ಇಡುತ್ತಿದ್ದೆ ಎಂದರು, ಮುಂಬಯಿಯ ಮಳೆಯ ಹೊಡೆತಕ್ಕೆ ಅದು ಬೇಕು.

ಮರಳಿಗಾಗಿ ಈ ಸಲ ತೊಳೆದ, ಪ್ಲಾಸ್ಟರಿಗೆಂದೇ ಜರಡಿ ಹಿಡಿದ ಕ್ರಶ್ ಸ್ಯಾಂಡ್ ತಂದರು. ಅಂಗಡಿಯಲ್ಲಿ ಪ್ಲಾಸ್ಟರ್ ಸ್ಯಾಂಡ್ ಎಂದೇ ಕೇಳಬೇಕು, ಕಾಂಕ್ರೀಟಿನದ್ದು ಬೇರೆ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಮರಳು ಅಗ್ಗಕ್ಕೆ ಸಿಕ್ಕರೂ ಬೇಡ. ಅದರಲ್ಲಿನ ಉಪ್ಪು ಗೋಡೆಯ ತೇವವನ್ನು ಎಳೆದು ಬಿಳಿಯ ಹೂವಿನಂತೆ ಮೇಲೆ ಬಂದು ಬಣ್ಣ ಎಬ್ಬಿಸುತ್ತದೆ. ಸಿಮೆಂಟ್ ಹೊಸ ಚೀಲದಿಂದ ಬಿಡಿಯಾಗಿ ಎರಡು ಕಿಲೋ. ಮಳೆಗಾಲ ಕಂಡ ಅರ್ಧ ಚೀಲದ ಸಿಮೆಂಟನ್ನು ಮಿಸ್ತ್ರಿ ಮುಟ್ಟಲಿಲ್ಲ. ಬೆರಳಲ್ಲಿ ಒತ್ತಿದರೆ ಪುಡಿಯಾಗದ ಗಂಟುಗಳು ಅದರಲ್ಲಿದ್ದವು, ಅಂದರೆ ಗಾಳಿಯ ತೇವಕ್ಕೇ ಒಂದಷ್ಟು ಸಿಮೆಂಟ್ ಗಟ್ಟಿಯಾಗಿಹೋಗಿತ್ತು.

ಎಷ್ಟು ಬೇಕೆಂಬ ಲೆಕ್ಕವನ್ನು ನೋಡೋಣ. 60 ಸೆಂಟಿಮೀಟರ್ ಅಗಲ, 45 ಎತ್ತರ, 10 ಮಿಲಿಮೀಟರ್ ದಪ್ಪವೆಂದರೆ 2.7 ಲೀಟರ್ ಗಾರೆ. ಒಣ ಸಿಮೆಂಟು-ಮರಳು ನೀರು ಸೇರಿದಾಗ ಸಂದಿಗಳು ತುಂಬಿ ಕುಗ್ಗುತ್ತವೆ, ಅದಕ್ಕೆ ಮೂರನೆಯ ಒಂದು ಪಾಲಿನ ಹತ್ತಿರ ಹೆಚ್ಚು ತೆಗೆದುಕೊಳ್ಳಬೇಕು. ಕೆಳಗೆ ಬಿದ್ದು ಹೋಗುವುದಕ್ಕೆ, ಇಟ್ಟಿಗೆಯ ಸಂದಿ ತುಂಬುವುದಕ್ಕೆ ಇನ್ನೊಂದಷ್ಟು. ಹೀಗೆ ಒಣ ಅಳತೆ ಸುಮಾರು 4 ಲೀಟರ್. ಅದನ್ನು ಐದು ಪಾಲು ಮಾಡಿದರೆ ಒಂದು ಪಾಲು 800 ಮಿಲಿಲೀಟರ್. ಸಿಮೆಂಟ್ 800 ಮಿಲಿಲೀಟರ್, ಮರಳು 3.2 ಲೀಟರ್. ಮೇಲ್ಪದರಕ್ಕೆ ಇದೇ ರೀತಿ ಒಣ ಅಳತೆ 3.2 ಲೀಟರ್, ಆರು ಪಾಲು, ಸಿಮೆಂಟ್ ಸುಮಾರು 530 ಮಿಲಿಲೀಟರ್, ಮರಳು 2.7 ಲೀಟರ್. ಒಂದು ಲೀಟರ್ ಸಿಮೆಂಟ್ ಸುಮಾರು 1.44 ಕಿಲೋ ತೂಗುತ್ತದೆ (50 ಕಿಲೋ ಚೀಲವೆಂದರೆ 35 ಲೀಟರ್), ಹಾಗಾಗಿ ಎರಡೂ ಪದರ ಸೇರಿ ಎರಡು ಕಿಲೋ ಒಳಗೇ ಮುಗಿಯುತ್ತದೆ. ಸಿಮೆಂಟಿಗೂ ಮರಳಿಗೂ ಒಂದೇ ಪ್ಲಾಸ್ಟಿಕ್ ಮಗ್ಗು, ಎರಡನ್ನೂ ಅಂಚಿಗೆ ಸಮನಾಗಿ ಪಟ್ಟಿಯಿಂದ ಎಳೆದು ಅಳತೆ. ಇಷ್ಟು ಸಣ್ಣ ಕೆಲಸದಲ್ಲಿ ಒಂದು ಹಿಡಿಯ ತಪ್ಪೂ ಅನುಪಾತ ಬದಲಿಸುತ್ತದೆ.

ಮರಳಿನ ಉಬ್ಬನ್ನು ಅಳೆದದ್ದೂ ಆಗಲೇ. ನೇರ ಗೋಡೆಯ ಒಂದು ಡಬ್ಬಿಯಲ್ಲಿ ಒದ್ದೆ ಮರಳನ್ನು ಸಡಿಲವಾಗಿ 20 ಸೆಂಟಿಮೀಟರ್ ತುಂಬಿ, ಪಕ್ಕಕ್ಕೆ ಸುರಿದು, ಡಬ್ಬಿಗೆ ಅರ್ಧದಷ್ಟು ನೀರು ಹಾಕಿ, ಮರಳನ್ನು ಮತ್ತೆ ನೀರಿನೊಳಗೆ ಬಿಟ್ಟು ಕಡ್ಡಿಯಿಂದ ಕಲಕಿದರು. ಮುಳುಗಿದ ಮರಳು ತನ್ನ ಒಣ ಗಾತ್ರಕ್ಕೆ ಕೂರುತ್ತದೆ. ಇಲ್ಲಿ ಅದು 16 ಸೆಂಟಿಮೀಟರಿಗೆ ಇಳಿಯಿತು. ಅಂದರೆ 16 ಪಾಲು ಮರಳು 20 ಪಾಲಿನಷ್ಟು ಉಬ್ಬಿತ್ತು, ನೂರಕ್ಕೆ ಇಪ್ಪತ್ತೈದು. ಹರಳುಗಳ ಸುತ್ತ ನೀರಿನ ತೆಳು ಪೊರೆ ಕಟ್ಟಿ ಅವುಗಳನ್ನು ದೂರ ಹಿಡಿಯುವುದರಿಂದ ಹೀಗಾಗುತ್ತದೆ. ಪೂರ್ತಿ ಒಣಗಿದ ಅಥವಾ ಪೂರ್ತಿ ಮುಳುಗಿದ ಮರಳಿನಲ್ಲಿ ಈ ಉಬ್ಬು ಇರುವುದಿಲ್ಲ. ಇದನ್ನು ಲೆಕ್ಕಿಸದೆ ಒದ್ದೆ ಮರಳನ್ನು ನಾಲ್ಕು ಮಗ್ಗು ಹಾಕಿದ್ದರೆ ಗಾರೆ ನಿಜಕ್ಕೂ ಒಂದಕ್ಕೆ ಮೂರರ ಹತ್ತಿರ ಬರುತ್ತಿತ್ತು. ಸರಿಪಡಿಸಲು ನಾಲ್ಕರ ಬದಲು ಐದು ಮಗ್ಗು ಒದ್ದೆ ಮರಳು. ಕೆಳಪದರಕ್ಕೆ 3.2 ಲೀಟರ್ ಬದಲು 4 ಲೀಟರ್, ಮೇಲ್ಪದರಕ್ಕೆ 2.7ರ ಬದಲು 3.4 ಲೀಟರ್.

ನೀರಿನಲ್ಲೂ ಅದೇ ಒದ್ದೆಯನ್ನು ಕಳೆಯಬೇಕು. ಕೆಳಪದರದ 800 ಮಿಲಿಲೀಟರ್ ಸಿಮೆಂಟ್ ತೂಕ ಸುಮಾರು 1.15 ಕಿಲೋ. ಅದಕ್ಕೆ ಒಟ್ಟು 700ರಿಂದ 800 ಮಿಲಿಲೀಟರ್ ನೀರು ಸಾಕು. ಒದ್ದೆ ಮರಳಿನಲ್ಲೇ ಕಾಲು ಲೀಟರಿನ ಹತ್ತಿರ ನೀರಿತ್ತು. ಹಾಗಾಗಿ ಅರ್ಧ ಲೀಟರ್ ಅಳೆದಿಟ್ಟು, ಮುಕ್ಕಾಲು ಪಾಲು ಮೊದಲು ಹಾಕಿ, ಉಳಿದದ್ದನ್ನು ಚಿಮುಕಿಸುತ್ತ ಹದ ನೋಡಿದರು. ಸರಿಯಾದ ಹದಕ್ಕೆ ಅವರ ಗುರುತು ಇದು: ಒಂದು ಹಿಡಿ ಗಾರೆಯನ್ನು ಅಂಗೈಯಲ್ಲಿ ಒತ್ತಿ ಉಂಡೆ ಮಾಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಕರಣೆಯ ಮೇಲೆ ತೆಗೆದು ಸ್ವಲ್ಪ ವಾಲಿಸಿದರೆ ಅಂಟಿ ನಿಲ್ಲಬೇಕು, ಜಾರಿ ಬೀಳಬಾರದು. ಬಾಂಡ್ಲಿಯ ಅಂಚಿನಲ್ಲಿ ತಿಳಿನೀರು ಸೇರುತ್ತಿದ್ದರೆ ನೀರು ಹೆಚ್ಚಾಗಿದೆ. ಆಗ ಒಣ ಸಿಮೆಂಟ್ ಮಾತ್ರ ಹಾಕಿ ಸರಿಮಾಡಲು ಹೋಗಬಾರದು, ಸಿಮೆಂಟು-ಮರಳನ್ನು ಅದೇ ಅನುಪಾತದಲ್ಲಿ ಕೂಡಿಸಬೇಕು.

ಗೋಡೆಯ ತಯಾರಿ ಮತ್ತು ಹಚ್ಚಿದ ಬಗೆ

ಅರ್ಧ ದಿನ ಹೋದದ್ದು ಕೆಡವುವುದಕ್ಕೇ. ಎರಡನೆಯ ತೇಪೆಯನ್ನು ಪೂರ್ತಿ ತೆಗೆದು, ಸುತ್ತಲಿನ ಹಳೆಯ ಪ್ಲಾಸ್ಟರನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಪೊಳ್ಳು ಸದ್ದು ನಿಂತು ಗಟ್ಟಿ ಸದ್ದು ಬರುವವರೆಗೆ ಉಳಿಯಿಂದ ಕತ್ತರಿಸಿದರು. ಅಂಚನ್ನು ಇಳಿಜಾರಾಗಿ ಬಿಡದೆ ನೇರವಾಗಿ, ಒಳಕ್ಕೆ ಚೂರು ಹೆಚ್ಚು ಕೊರೆದಂತೆ ಕತ್ತರಿಸಿದ್ದು ಮುಖ್ಯ. ಇಳಿಜಾರು ಅಂಚಿನಲ್ಲಿ ಹೊಸ ಗಾರೆ ಕಾಗದದಷ್ಟು ತೆಳುವಾಗಿ ಬಂದು, ಅಲ್ಲಿಂದಲೇ ಏಳಲು ಶುರುವಾಗುತ್ತದೆ. ಇಟ್ಟಿಗೆ ಸಾಲಿನ ಸಂದಿಗಳನ್ನು ಸುಮಾರು 10 ಮಿಲಿಮೀಟರ್ ಆಳಕ್ಕೆ ಕೆರೆದು, ತಂತಿ ಬ್ರಶ್ಶಿನಿಂದ ದೂಳು ತೆಗೆದರು.

ಹಿಂದಿನ ಸಂಜೆ ಗೋಡೆಗೆ ಚೆನ್ನಾಗಿ ನೀರು, ಬೆಳಗ್ಗೆ ಕೆಲಸಕ್ಕೆ ಅರ್ಧ ಗಂಟೆ ಮುಂಚೆ ಮತ್ತೆ. ಹಚ್ಚುವ ಹೊತ್ತಿಗೆ ಇಟ್ಟಿಗೆ ಒಳಗೆ ತೇವವಾಗಿರಬೇಕು, ಮೇಲೆ ನೀರು ಹೊಳೆಯುತ್ತಿರಬಾರದು. ಆಮೇಲೆ ಸಿಮೆಂಟ್ ಮತ್ತು ನೀರನ್ನು ಮಜ್ಜಿಗೆಗಿಂತ ಗಟ್ಟಿಯಾಗಿ ಕಲಸಿ ಬ್ರಶ್ಶಿನಿಂದ ಇಟ್ಟಿಗೆಗೂ ಕತ್ತರಿಸಿದ ಅಂಚಿಗೂ ಬಳಿದರು. ಇದು ಒದ್ದೆ ಇರುವಾಗಲೇ ಗಾರೆ ಬೀಳಬೇಕು. ಒಣಗಿ ಬಿಳಿಚಿದ ಮೇಲೆ ಗಾರೆ ಹಚ್ಚಿದರೆ ಈ ಬಳಿತವೇ ಎರಡರ ನಡುವೆ ಅಡ್ಡವಾಗಿ, ಮೊದಲ ತೇಪೆಯ ಹಿಂಬದಿಯಂಥದೇ ನುಣುಪು ಕೊಡುತ್ತದೆ. ಅದಕ್ಕಾಗಿ ಮಿಸ್ತ್ರಿ ಗಾರೆ ಕಲಸಿಟ್ಟ ಮೇಲೆಯೇ ಇದನ್ನು ಬಳಿದರು.

ಕೆಳಪದರವನ್ನು ಅವರು ಬಳಿಯಲಿಲ್ಲ, ಕರಣೆಯಿಂದ ಬೀಸಿ ಎಸೆದರು. ಎಸೆತದ ಬಲಕ್ಕೆ ಗಾರೆ ಸಂದಿಯೊಳಗೆ ಹೋಗಿ ಗಾಳಿ ಹೊರಗೆ ಹೋಗುತ್ತದೆ. ಸಮತಟ್ಟು ಮಾಡಿ, ಸ್ವಲ್ಪ ಬಿಗಿದಾಗ ಮೊಳೆಯಿಂದ ಅಡ್ಡಡ್ಡ ಗೀರು ಹಾಕಿ ಬಿಟ್ಟರು. ಕಲಸಿದ ಗಾರೆ ಅರ್ಧ ಗಂಟೆಯೊಳಗೆ ಮುಗಿಯಿತು. ಬಾಂಡ್ಲಿಯಲ್ಲಿ ಉಳಿದ ಒಂದು ಹಿಡಿಯನ್ನು ನಾಳೆಗೆ ಉಪಯೋಗಿಸುವಂತಿಲ್ಲ, ಎಸೆದರು.

ಮರುದಿನ ಕೆಳಪದರಕ್ಕೆ ನೀರು ಚಿಮುಕಿಸಿ ಮೇಲ್ಪದರ. ಎರಡೂ ಬದಿಯ ಹಳೆಯ ಪ್ಲಾಸ್ಟರೇ ಇಲ್ಲಿ ಮಟ್ಟದ ಗೆರೆ. ಅದರ ಮೇಲೆ ಉದ್ದ ಪಟ್ಟಿ ಇಟ್ಟು ಕೆಳಗಿನಿಂದ ಮೇಲಕ್ಕೆ ಅಲುಗಿಸುತ್ತ ಎಳೆದರೆ ಹೆಚ್ಚಿನ ಗಾರೆ ಬರುತ್ತದೆ, ತಗ್ಗು ಕಾಣುತ್ತದೆ. ಮೇಲಿನ ನೀರಿನ ಹೊಳಪು ಹೋಗುವವರೆಗೆ ಕಾದು, ರಂದಾ ಎನ್ನುವ ಮರದ ಉಜ್ಜುಹಲಗೆಯಿಂದ ಸುತ್ತುಸುತ್ತಾಗಿ ತಿಕ್ಕಿದರು. ಉಕ್ಕಿನ ಗುರ್ಮಾಲಾ ಹಿಡಿದು ನುಣ್ಣಗೆ ಮಾಡಿ ಎಂದು ಯಜಮಾನರು ಕೇಳಿದಾಗ ಒಪ್ಪಲಿಲ್ಲ.

"ಪುಟ್ಟಿ ಹಚ್ಚವ್ರೇ ಇದ್ದೀರಲ್ರಿ. ನುಣ್ಣಗ ಮಾಡಿದ್ರ ಪುಟ್ಟಿ ಯಾವದಕ್ಕ ಹಿಡೀಬೇಕ್ರಿ?"

ಉಕ್ಕಿನಿಂದ ಹೆಚ್ಚು ತಿಕ್ಕಿದಷ್ಟೂ ಸಿಮೆಂಟ್ ಪಾಕ ಮೇಲಕ್ಕೆ ಬಂದು, ಮೊದಲ ಸಲದ ಒಡಕು ಚರ್ಮವನ್ನೇ ಮತ್ತೆ ಕಟ್ಟುತ್ತದೆ.

ಫ್ಯಾನ್ ನಿಲ್ಲಿಸಿ ಕಿಟಕಿ ಮುಚ್ಚಿಸಿದರು. ಮರುದಿನದಿಂದ ಕಿಟಕಿ ಕಲ್ಲಿಗೆ ಒದ್ದೆ ಗೋಣಿ ತಾಟು ಇಳಿಬಿಟ್ಟು ದಿನಕ್ಕೆ ಮೂರು ಸಲ ನೀರು. ಸಾಮಾನ್ಯ ಸಿಮೆಂಟಿಗೆ ಏಳು ದಿನ ಸಾಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಸೇರಿದ ಪಿಪಿಸಿ, ಅದು ನಿಧಾನಕ್ಕೆ ಬಲಿಯುತ್ತದೆ. ಆದ್ದರಿಂದ ಹತ್ತು ದಿನ ನೀರು ಹಿಡಿಸಿದರು. ಪುಟ್ಟಿ ಮತ್ತು ಬಣ್ಣವನ್ನು ನಾಲ್ಕು ವಾರಗಳ ನಂತರ ಹಚ್ಚಿದರು. ಹಸಿ ಸಿಮೆಂಟಿನ ಕ್ಷಾರಕ್ಕೆ ಬಣ್ಣ ಬಿಳಿಚಿ ತೇಪೆ ಎದ್ದು ಕಾಣುತ್ತದೆ.

ಏನಾಯಿತು

ಹತ್ತು ದಿನಗಳ ನಂತರ ಮೇಲ್ಮೈಯಲ್ಲಿ ಜಾಲದ ಬಿರುಕಿಲ್ಲ, ಮೊಳೆ ಗೀರಿದರೆ ಬಿಳಿ ಗೆರೆ ಮಾತ್ರ. ಮುಂದಿನ ಮಳೆಗಾಲ ಕಳೆದ ಮೇಲೆ ತಟ್ಟಿ ನೋಡಿದಾಗಲೂ ತೇಪೆಯೆಲ್ಲ ಗಟ್ಟಿ ಸದ್ದೇ. ಆದರೆ ಬಲ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಕಾಣಿಸಿತು. ಆ ಬದಿಯಲ್ಲಿ ಸ್ವಿಚ್ ಬೋರ್ಡಿನ ಪೈಪು ಗೋಡೆಯೊಳಗೆ ಹೋಗಿದ್ದರಿಂದ, ಪೊಳ್ಳು ಸದ್ದು ಇದ್ದರೂ ಹಳೆಯ ಪ್ಲಾಸ್ಟರನ್ನು ಪೂರ್ತಿ ಕತ್ತರಿಸದೆ ಬಿಟ್ಟಿದ್ದರು. ಗೆರೆ ಬಂದದ್ದು ಅಲ್ಲಿಯೇ. ಹೊಸ ಗಾರೆ ಎಷ್ಟು ಸರಿಯಿದ್ದರೂ ಸಡಿಲ ಅಂಚನ್ನು ಅದು ಹಿಡಿದು ನಿಲ್ಲಿಸಲಾರದು. ಅಂಥ ಕಡೆ ಮೊದಲು ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನಿಂದ ಬೋರ್ಡ್ ಸಡಿಲಿಸಿಕೊಂಡು ಪೈಪಿನ ಆಚೆಯ ಗಟ್ಟಿ ಜಾಗದವರೆಗೆ ಕತ್ತರಿಸುವುದೇ ದಾರಿ. ಇಲ್ಲಿ ಗೆರೆ ಅಗಲವಾಗದೆ ಉಳಿದದ್ದರಿಂದ ಸಣ್ಣಗೆ ಕೊರೆದು ಬಿರುಕು ತುಂಬುವ ಪುಟ್ಟಿ ಹಾಕಿ ಮುಗಿಸಿದರು.

ಅದೇ ಮನೆಯ ಬಚ್ಚಲ ಛಾವಣಿಯಲ್ಲೂ ಒಂದು ತುಂಡು ಬಿದ್ದಿತ್ತು, ಉಳಿದ ಮರಳಿನಿಂದ ಅದನ್ನೂ ಮುಚ್ಚಿಬಿಡಿ ಎಂದು ಯಜಮಾನರು ಕೇಳಿದ್ದರು. ಮಿಸ್ತ್ರಿ ಏಣಿ ಹತ್ತಿ ನೋಡಿ ಇಳಿದರು. ಅಲ್ಲಿ ಕಾಣುತ್ತಿದ್ದುದು ಇಟ್ಟಿಗೆಯಲ್ಲ, ಕಾಂಕ್ರೀಟ್ ಸ್ಲ್ಯಾಬಿನ ತುಕ್ಕು ಹಿಡಿದ ಸರಳು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನೇ ಒಡೆದಿರುತ್ತದೆ. ಅದರ ಮೇಲೆ ಒಂದಕ್ಕೆ ನಾಲ್ಕರ ಗಾರೆ ಹಚ್ಚಿದರೆ ತುಕ್ಕು ಒಳಗೇ ಮುಂದುವರಿದು, ಮುಂದೊಂದು ದಿನ ಇನ್ನೂ ದೊಡ್ಡ ತುಂಡು ತಲೆಯ ಮೇಲೆ ಬೀಳುತ್ತದೆ. ಸರಳಿನ ತುಕ್ಕು ತೆಗೆದು, ಅದಕ್ಕೆ ರಕ್ಷಣೆಯ ಬಳಿತ ಕೊಟ್ಟು, ಪಾಲಿಮರ್ ಸೇರಿದ ಗಾರೆಯಿಂದ ಕಟ್ಟಬೇಕು. ಮೇಲಿನ ಮನೆಯ ಬಚ್ಚಲ ಸೋರಿಕೆಯನ್ನೂ ನಿಲ್ಲಿಸಬೇಕು. ಆ ಕೆಲಸಕ್ಕೆ ಮಿಸ್ತ್ರಿ ಕೈ ಹಾಕಲಿಲ್ಲ. ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಲು ಸೊಸೈಟಿಗೆ ಅರ್ಜಿ ಕೊಡಿ ಎಂದು ಹೇಳಿ, ಉಳಿದ ಮರಳನ್ನು ಗೋಣಿಗೆ ತುಂಬಿಸಿಟ್ಟರು.